ಬಡ್ತಿ ಬಂತು, ಸರ್ಟಿಫಿಕೇಟ್ ಬಂತು, ಬಯೋ ಮಾತ್ರ ಹಳೆಯದು

ಪ್ರಶ್ನೆ (ಕುಶಾಲನಗರದಿಂದ)

ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ 2015ರಿಂದ ಕೆಲಸ ಮಾಡ್ತಿದ್ದೇನೆ. ಫೆಬ್ರವರಿಯಲ್ಲಿ ರೋಬಸ್ಟಾ ಗ್ರೇಡರ್ ಸರ್ಟಿಫಿಕೇಟ್ ಬಂತು, ಜೂನ್‌ನಲ್ಲಿ ಗುಣಮಟ್ಟ ಮ್ಯಾನೇಜರ್ ಆದೆ. ಈಗ ನನ್ನ ಹೆಚ್ಚಿನ ಕೆಲಸ ಸಣ್ಣ ಬೆಳೆಗಾರರ ವಾಷ್ಡ್ ರೋಬಸ್ಟಾ ಮೇಲೆ. ಮೊನ್ನೆ ಬೆಳೆಗಾರರ ಸಭೆಯಲ್ಲಿ ನನ್ನನ್ನು ಪರಿಚಯಿಸಿದವರು "ಗುಣಮಟ್ಟ ಸಹಾಯಕಿ, ಅರೇಬಿಕಾದಲ್ಲಿ 6 ವರ್ಷ ಅನುಭವ" ಅಂತ ಓದಿದರು. ತುಂಬಾ ಮುಜುಗರ ಆಯ್ತು. ಬಯೋ ಹೀಗೆ ಹಳೆಯದಾಗದ ಹಾಗೆ ಒಂದು ರೂಢಿ ಮಾಡಿಕೊಳ್ಳೋದು ಹೇಗೆ?

ಉತ್ತರ (ಮಡಿಕೇರಿಯಿಂದ, ವೃತ್ತಿಪರರ ಪರಿಚಯ ಬರೆದುಕೊಡುವವರು)

ಮೇಡಂ, ಸಭೆಯವರು ಓದಿದ್ದು ನೀವೇ ಯಾವತ್ತೋ ಕಳಿಸಿದ ಪ್ರತಿ. ಅದು ಅವರ ಮೇಲ್‌ನಲ್ಲೇ ಉಳಿದಿತ್ತು. ಹಾಗಾಗಿ ಮೊದಲು ಬಯೋ ತಿದ್ದಬೇಡಿ, ಅದು ಎಲ್ಲೆಲ್ಲಿ ಇದೆ ಅಂತ ಬರೆದಿಡಿ. ಲಿಂಕ್ಡ್‌ಇನ್, ಕಂಪನಿ ವೆಬ್‌ಸೈಟ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್, ಮೇಲ್ ಕೊನೆಯ ಸಹಿ, ಸಂಘಟಕರಿಗೆ ಕಳಿಸಿದ ವರ್ಡ್ ಫೈಲ್. ಈ ಪಟ್ಟಿಯನ್ನು ಒಂದೇ ಫೈಲಿನಲ್ಲಿಡಿ. ಅದರ ಮೇಲ್ಗಡೆ ಬಯೋದ ಮೂಲ ಪ್ರತಿ ಇರಲಿ, ತಿದ್ದಿದ ತಾರೀಕು ಅದರ ತಲೆಯ ಮೇಲಿರಲಿ. ಮುಂದೆ ಯಾರು ಕೇಳಿದರೂ ಈ ಫೈಲಿನಿಂದಲೇ ತೆಗೆದು ಕಳಿಸಿ. ಹಳೇ ಮೇಲ್ ಹುಡುಕಿ ಫಾರ್ವರ್ಡ್ ಮಾಡುವ ಅಭ್ಯಾಸದಿಂದಲೇ ಹಳೇ ಹುದ್ದೆ ಊರೆಲ್ಲ ಸುತ್ತುವುದು.

ಬಡ್ತಿ, ಸರ್ಟಿಫಿಕೇಟ್, ಕೆಲಸದ ದಿಕ್ಕು ಬದಲಾಗುವುದು, ಈ ಮೂರನ್ನೂ ಒಂದೇ ರೀತಿ ನೋಡಬೇಡಿ.

ಬಡ್ತಿ ಸುಲಭ. ಆದೇಶ ಪತ್ರ ಕೈಗೆ ಬಂದ ವಾರದೊಳಗೆ ಪಟ್ಟಿಯಲ್ಲಿರುವ ಎಲ್ಲ ಕಡೆ ಬದಲಾಯಿಸಿ. ಲಿಂಕ್ಡ್‌ಇನ್‌ನಲ್ಲಿ ಮಾತ್ರ ಒಂದು ತಪ್ಪು ಬಹಳ ಜನ ಮಾಡುತ್ತಾರೆ. ಹಳೇ ಹುದ್ದೆಯ ಹೆಸರನ್ನೇ ಅಳಿಸಿ ಹೊಸದನ್ನು ಬರೆಯುತ್ತಾರೆ. ಆಗ ನೀವು 2015ರಿಂದಲೇ ಮ್ಯಾನೇಜರ್ ಆಗಿದ್ದಿರಿ ಅಂತ ಕಾಣುತ್ತದೆ. ಅದು ಸುಳ್ಳು, ಜೊತೆಗೆ ನೀವು ಮೇಲೆ ಬಂದ ದಾರಿಯೂ ಅಳಿಸಿಹೋಗುತ್ತದೆ. "Add position" ಒತ್ತಿ, ಅದೇ ಕಂಪನಿ ಹೆಸರು ಆರಿಸಿ, ಜೂನ್‌ನಿಂದ ಹೊಸ ಹುದ್ದೆ ಸೇರಿಸಿ. ಹಳೆಯದಕ್ಕೆ ಮುಗಿದ ತಿಂಗಳು ಕೊಡಿ. ಎರಡೂ ಒಂದೇ ಕಂಪನಿಯ ಕೆಳಗೆ ಮೆಟ್ಟಿಲ ಹಾಗೆ ಕೂರುತ್ತವೆ.

ಸರ್ಟಿಫಿಕೇಟ್ ಕೈಗೆ ಬಂದ ಮೇಲಷ್ಟೇ ಬರೆಯಿರಿ. ಅದರಲ್ಲಿ ಕೊನೆಯ ದಿನಾಂಕ ಇದ್ದರೆ ಫೋನಿನ ಕ್ಯಾಲೆಂಡರ್‌ಗೆ ಹಾಕಿ, ಆರು ತಿಂಗಳು ಮುಂಚೆ ನೆನಪಿಸುವ ಹಾಗೆ. ಅವಧಿ ಮುಗಿದ ಮೇಲೂ ಗ್ರೇಡರ್ ಅಂತ ಬಯೋದಲ್ಲಿ ಉಳಿದರೆ, ಖರೀದಿದಾರರು ಒಮ್ಮೆ ಪರಿಶೀಲಿಸಿದರೂ ಸಾಕು, ಕಾಫಿ ರುಚಿ ನೋಡಿ ನೀವು ಕೊಡುವ ಕಪ್ಪಿಂಗ್ ಅಂಕಗಳನ್ನೂ ಅನುಮಾನದಿಂದ ನೋಡುತ್ತಾರೆ.

ಕೆಲಸದ ದಿಕ್ಕು ಬದಲಾಗಿದ್ದೇ ಕಷ್ಟದ್ದು, ಯಾಕಂದ್ರೆ ಅದಕ್ಕೆ ಆದೇಶ ಪತ್ರ ಬರುವುದಿಲ್ಲ. ನಾನು ಕೇಳುವುದು ಇಷ್ಟೇ: ಕಳೆದ ಮೂರು ತಿಂಗಳಲ್ಲಿ ನಿಮ್ಮ ಹೆಚ್ಚಿನ ದಿನಗಳು ಯಾವ ಕೆಲಸಕ್ಕೆ ಹೋದವು? ಉತ್ತರ ವಾಷ್ಡ್ ರೋಬಸ್ಟಾ ಆದರೆ, ಅದು ಬಯೋದ ಮೊದಲ ವಾಕ್ಯಕ್ಕೆ ಬರಬೇಕು. ಎಲ್ಲರೂ ಹೊಸದನ್ನು ಕೊನೆಗೆ ಅಂಟಿಸುತ್ತಾರೆ. ಓದುವವರು ಕೊನೆಯವರೆಗೆ ಬರುವುದೇ ಇಲ್ಲ.

ನಿಮ್ಮದನ್ನು ನಾನಾದರೆ ಹೀಗೆ ಬರೆಯುತ್ತೇನೆ:

"ಕೊಡಗಿನ ಸಣ್ಣ ಬೆಳೆಗಾರರ ಜೊತೆ ವಾಷ್ಡ್ ರೋಬಸ್ಟಾದ ಗುಣಮಟ್ಟದ ಮೇಲೆ ಕೆಲಸ ಮಾಡುತ್ತಾರೆ. ಕುಶಾಲನಗರದ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಗುಣಮಟ್ಟ ಮ್ಯಾನೇಜರ್. ಸರ್ಟಿಫೈಡ್ ರೋಬಸ್ಟಾ ಗ್ರೇಡರ್. 2015ರಿಂದ ಕಾಫಿ ಗ್ರೇಡಿಂಗ್‌ನಲ್ಲಿದ್ದಾರೆ."

"6 ವರ್ಷ ಅನುಭವ" ಹೋಗಿ "2015ರಿಂದ" ಬಂದಿದೆ ನೋಡಿ. ಮೊದಲನೆಯದು ಪ್ರತಿ ವರ್ಷ ತಪ್ಪಾಗುತ್ತದೆ, ಎರಡನೆಯದು ಯಾವತ್ತೂ ಆಗುವುದಿಲ್ಲ. "ಇತ್ತೀಚೆಗೆ", "ಸದ್ಯ", "ಈ ವರ್ಷ" ಇವನ್ನೂ ಅದಕ್ಕೇ ಬಿಡಿ.

ವಿರಾಜಪೇಟೆಯಿಂದ ಒಬ್ಬರು

ಇಷ್ಟೆಲ್ಲ ಯಾಕೆ? ಪ್ರತಿ ವರ್ಷ ಜನವರಿ 1ಕ್ಕೆ ಲಿಂಕ್ಡ್‌ಇನ್ ತಿದ್ದಿದರೆ ಸಾಕಲ್ವಾ? ನಾನು ಹಾಗೇ ಮಾಡೋದು. ಎಲ್ಲರೂ ಅಲ್ಲಿಂದಲೇ ತಾನೇ ನೋಡೋದು.

ಉತ್ತರ ಕೊಟ್ಟವರು

ಸರ್, ವರ್ಷಕ್ಕೊಂದು ದಿನ ಗೊತ್ತು ಮಾಡಿದ್ದು ಒಳ್ಳೆಯದೇ. ಆದರೆ ಬೆಳೆಗಾರರು ಲಿಂಕ್ಡ್‌ಇನ್ ನೋಡುವುದು ಕಡಿಮೆ, ಅವರಿಗೆ ಕಾಣುವುದು ವಾಟ್ಸ್ಆ್ಯಪ್. ಇನ್ನೊಂದು, ಜನವರಿಯಲ್ಲಿ ಮೇಡಂಗೆ ಉಸಿರಾಡಲೂ ಸಮಯ ಇರಲ್ಲ. ಅರೇಬಿಕಾ ಕೊಯ್ಲು ಮುಗಿಯುತ್ತಾ ಇರುತ್ತದೆ, ರೋಬಸ್ಟಾ ಶುರುವಾಗಿರುತ್ತದೆ. ಕೈ ಬಿಡುವಿರುವ ದಿನವನ್ನೇ ಆರಿಸಬೇಕು. ನಾನು ಹೇಳುವುದು ಏಪ್ರಿಲ್ ಕೊನೆ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತ ಹಬ್ಬದ ವಾರ ಒಮ್ಮೆ. ಏನೂ ಬದಲಾಗದಿದ್ದರೂ ಬಯೋವನ್ನು ಒಮ್ಮೆ ಗಟ್ಟಿಯಾಗಿ ಓದಿ, ತಾರೀಕು ಹಾಕಿ. ಇಪ್ಪತ್ತು ನಿಮಿಷದ ಕೆಲಸ.

ಸೋಮವಾರಪೇಟೆಯಿಂದ ಒಬ್ಬರು

ಬಯೋಡೇಟಾದಲ್ಲಿ ತಂದೆ ಹೆಸರು, ಹುಟ್ಟಿದ ತಾರೀಕು, ವಿಳಾಸ ಮೊದಲು ಬರಬೇಕು ಮೇಡಂ. ನಮ್ಮ ತಂಗಿ ಮಗಳಿಗೆ ಕೆಲಸಕ್ಕೆ ಹಾಗೇ ಮಾಡಿಸಿದ್ವಿ. ಸರ್ಟಿಫಿಕೇಟ್ ಎಲ್ಲವನ್ನೂ ಹಾಕಿಸಿ, ಒಂದನ್ನೂ ಬಿಡಬೇಡಿ.

ಉತ್ತರ ಕೊಟ್ಟವರು

ಅಣ್ಣಾ, ನೀವು ಹೇಳ್ತಿರೋದು ಕೆಲಸಕ್ಕೆ ಅರ್ಜಿ ಹಾಕುವಾಗ ಕೊಡುವ ಬಯೋಡೇಟಾ. ಅದರಲ್ಲಿ ಎಲ್ಲ ಸರ್ಟಿಫಿಕೇಟ್ ಇರಲಿ. ಇಲ್ಲಿ ಕೇಳಿರುವುದು ವೇದಿಕೆಯಲ್ಲಿ ಓದುವ ನಾಲ್ಕು ಸಾಲಿನ ಪರಿಚಯ. ಇದರಲ್ಲಿ ಹುಟ್ಟಿದ ತಾರೀಕು, ಮನೆ ವಿಳಾಸ ಹಾಕಲೇಬಾರದು. ಒಂದು ಹೊಸದು ಬಂದರೆ ಒಂದು ಹಳೆಯದು ಹೊರಗೆ ಹೋಗಬೇಕು. ಇನ್‌ಸ್ಟಾಗ್ರಾಂ ಬಯೋಗೆ ಇರುವುದೇ 150 ಅಕ್ಷರ.

ಗೋಣಿಕೊಪ್ಪದಿಂದ ಒಬ್ಬರು, ಹೋಂಸ್ಟೇ ನಡೆಸುವವರು

ನನ್ನ ಕಥೆ ಬೇರೆ. ಮೊದಲು ಬರೀ ಹೋಂಸ್ಟೇ, ಈಗ ತೋಟದ ಕಾಫಿ ಹುರಿದು ಮಾರೋದೂ ಶುರು ಮಾಡಿದ್ದೇವೆ. ಬಯೋದಲ್ಲಿ ಕಾಫಿ ಮುಂದೆ ಹಾಕಿದ ಮೇಲೆ ಕೋಣೆ ಕೇಳಿ ಬರುವ ಫೋನ್ ಕಡಿಮೆ ಆಯ್ತು. ವಾಪಸ್ ಹಳೆಯದನ್ನೇ ಹಾಕಿದೆ.

ಉತ್ತರ ಕೊಟ್ಟವರು

ಅಕ್ಕ, ನೀವು ಮಾಡಿದ್ದು ಸರಿ. ಹೊಸ ಕೆಲಸ ಇನ್ನೂ ಹೆಚ್ಚಿನ ದಿನಗಳನ್ನು ತೆಗೆದುಕೊಳ್ಳುತ್ತಿಲ್ಲ ಅಂದರೆ ಅದು ಮೊದಲ ವಾಕ್ಯಕ್ಕೆ ಬರುವ ಹೊತ್ತಾಗಿಲ್ಲ. ಎರಡನೇ ವಾಕ್ಯದಲ್ಲಿ ಇರಲಿ. ಏಪ್ರಿಲ್‌ನಲ್ಲಿ ಮತ್ತೆ ನೋಡಿ.

ಪ್ರಶ್ನೆ ಕೇಳಿದವರು

ಪಟ್ಟಿ ಮಾಡಿದೆ ಸರ್. ಏಳು ಕಡೆ ಇತ್ತು, ಐದು ಇವತ್ತೇ ತಿದ್ದಿದೆ. ಕಂಪನಿ ವೆಬ್‌ಸೈಟ್ ನನ್ನ ಕೈಯಲ್ಲಿಲ್ಲ. ಮತ್ತೆ ಒಂದು ಯೋಚನೆ. "ಸಣ್ಣ ಬೆಳೆಗಾರರ ಜೊತೆ" ಅಂತ ಮೊದಲು ಬಂದರೆ, ನಾನು ಹೊರಗೆ ಸ್ವಂತ ಕೆಲಸ ಮಾಡ್ತಿದ್ದೇನೆ ಅಂತ ಆಫೀಸಿನವರು ತಿಳಿದರೆ?

ಉತ್ತರ ಕೊಟ್ಟವರು

ವೆಬ್‌ಸೈಟ್‌ಗೆ ಹೊಸ ನಾಲ್ಕು ಸಾಲನ್ನು ನೀವೇ ಟೈಪ್ ಮಾಡಿ ಕಳಿಸಿ. "ಅಪ್‌ಡೇಟ್ ಮಾಡಿ" ಅಂದರೆ ಯಾರೂ ಮಾಡಲ್ಲ, ಸಿದ್ಧ ಸಾಲು ಕೊಟ್ಟರೆ ಅಂಟಿಸುತ್ತಾರೆ. ಎರಡನೇ ಪ್ರಶ್ನೆಗೆ ನಾನು ಹೊರಗಿನಿಂದ ಉತ್ತರ ಹೇಳಲಾಗದು. ಬೆಳೆಗಾರರ ಕೆಲಸ ಕಂಪನಿಯ ಪರವಾಗಿಯೇ ಆದರೆ, ಕಂಪನಿ ಹೆಸರನ್ನು ಮೊದಲ ವಾಕ್ಯಕ್ಕೇ ತನ್ನಿ. ಸ್ವಲ್ಪ ಭಾಗ ನಿಮ್ಮ ಸ್ವಂತದ್ದಾದರೆ, ಹಾಕುವ ಮುಂಚೆ ನಿಮ್ಮ ಮೇಲಿನವರಿಗೆ ಆ ನಾಲ್ಕು ಸಾಲು ತೋರಿಸಿ.

ವಿರಾಜಪೇಟೆಯವರು

ತೋರಿಸಿದರೆ ಬೇಡ ಅಂತಾರೆ ಅನ್ನೋದೇ ನನ್ನ ಅನುಭವ. ನಾನಾದರೆ ಹಾಕಿಯೇ ಬಿಡ್ತಿದ್ದೆ.

ಪ್ರಶ್ನೆ ಕೇಳಿದವರು

ಸೋಮವಾರ ಕೇಳಿ ನೋಡ್ತೀನಿ.