ಪದಚರ್ಚೆ: ಕಟಿಂಗ್ ಚೀಟಿಯಲ್ಲಿ ‘ಕ್ರಾಸ್’ ಎಂದರೆ ಯಾವ ದಿಕ್ಕು?

ವಿರಾಜಪೇಟೆಯಿಂದ:
ಬೆಂಗಳೂರಿನಲ್ಲಿ ವಸ್ತ್ರವಿನ್ಯಾಸ ಓದಿ, ಒಂದು ವರ್ಷ ರಫ್ತು ಕಾರ್ಖಾನೆಯ ಸ್ಯಾಂಪಲ್ ವಿಭಾಗದಲ್ಲಿ ಕೆಲಸ ಕಲಿತು, ಈಗ ಊರಿನಲ್ಲೇ ಸಣ್ಣದೊಂದು ಲೇಬಲ್ ನಡೆಸುತ್ತಿದ್ದೇನೆ. ಉದ್ದಕ್ಕೆ ಪಟ್ಟೆಯಿರುವ ಕೈಮಗ್ಗದ ಬಟ್ಟೆಯಲ್ಲಿ ಹನ್ನೆರಡು ಶರ್ಟು ಹೊಲಿಸಲು ಚೀಟಿ ಬರೆದೆ. ಬೆನ್ನಿನ ಮೇಲೆ ಬರುವ ಹೆಗಲಪಟ್ಟಿಯ ಎದುರು ‘ಕ್ರಾಸ್’ ಎಂದಿದ್ದೆ. ಪಟ್ಟೆಗಳು ಅಲ್ಲಿ ಅಡ್ಡಲಾಗಿ ಬರಲಿ ಎಂಬುದು ನನ್ನ ಲೆಕ್ಕ. ಮಾಸ್ತರರು ಓರೆಯಾಗಿ ಕತ್ತರಿಸಿದರು. ಹ್ಯಾಂಗರಿಗೆ ಹಾಕಿದ ಎರಡೇ ದಿನದಲ್ಲಿ ತೋಳಿನ ಭಾರಕ್ಕೆ ಹೆಗಲು ಅರ್ಧ ಇಂಚು ಜಗ್ಗಿತು. ಕಾಲೇಜಿನಲ್ಲಿ ಕ್ರಾಸ್ ಗ್ರೇನ್ ಎಂದರೆ ಅಡ್ಡ ಎಳೆ. ಗೊಂದಲವಿಲ್ಲದ ಕನ್ನಡ ಪದ ಬೇಕು.

ಗೋಣಿಕೊಪ್ಪಲಿನಿಂದ:
ಮಾಸ್ತರರದು ತಪ್ಪಲ್ಲ ಮೇಡಂ. ‘ಕ್ರಾಸ್ ಕಟಿಂಗ್ ಬ್ಲೌಸ್’ ಎಂದು ಕೇಳುವ ಹೆಂಗಸರಿಗೂ ಕ್ರಾಸ್ ಎಂದರೆ ಓರೆಯೇ. ಕತ್ತರಿಸಿದ ಅಡ್ಡ ಅಂಚನ್ನು ಮಡಿಸಿ ಉದ್ದದ ಅಂಚಿನ ಮೇಲೆ ಕೂರಿಸಿದರೆ ಬೀಳುವ ಮಡಿಕೆ ಇದೆಯಲ್ಲ, ಅದೇ ನಮ್ಮ ಕ್ರಾಸ್. ಆ ದಿಕ್ಕಿಗೆ ಎಳೆದು ನೋಡಿ, ರಬ್ಬರಿನಂತೆ ಹಿಗ್ಗುತ್ತದೆ. ಕುತ್ತಿಗೆಯ ತಿರುವಿಗೆ ಕೊಡುವ ಪಟ್ಟಿ ಸುಕ್ಕಿಲ್ಲದೆ ಕೂರುವುದು ಅದರಿಂದಲೇ. ಭಾರ ಹೊರುವ ಹೆಗಲಿಗೆ ಒಂಟಿ ಪದರದಲ್ಲಿ ಅದು ಸಲ್ಲದು. ಅಡ್ಡಕ್ಕೆ ನಾವು ‘ಅಡ್ಡ’ ಎಂದೇ ಅನ್ನುತ್ತೇವೆ.

ಮೈಸೂರಿನಿಂದ, ನಿವೃತ್ತ ಅಧ್ಯಾಪಕರು:
ಹೊಸ ಪದವೇಕೆ? ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ ಹಾಸು, ಅದರ ನಡುವೆ ಲಾಳಿ ಒಯ್ಯುವುದು ಹೊಕ್ಕು. ‘ಹಾಸುಹೊಕ್ಕಾಗಿ’ ಎಂದು ದಿನವೂ ಬರೆಯುತ್ತೇವೆ, ಎಲ್ಲಿಂದ ಬಂತೆಂದು ಮರೆತಿದ್ದೇವೆ. ಹಾಸು ಯಾವಾಗಲೂ ಮೈಯ ಉದ್ದಕ್ಕೆ ಬರುವುದರಿಂದ ‘ಹಾಸು’ ಎಂದರೆ ಸಾಕು.

ಸೋಮವಾರಪೇಟೆಯಿಂದ:
ಗ್ರೇನ್‌ಗೆ ‘ನಾರು’ ಎನ್ನಬಹುದು. ನಮ್ಮ ತೋಟದ ಸಿಲ್ವರ್ ಓಕ್ ಹಲಗೆಯನ್ನು ಬಡಗಿ ನಾರು ನೋಡಿಯೇ ಉಜ್ಜುತ್ತಾನೆ. ಎದುರು ಉಜ್ಜಿದರೆ ಸಿಬಿರು ಏಳುತ್ತದೆ.

ವಿರಾಜಪೇಟೆಯಿಂದ:
ಹಾಸು, ಹೊಕ್ಕು ಇಷ್ಟವಾದವು ಸರ್. ಆದರೆ ‘ಯಾವಾಗಲೂ’ ಎಂಬುದು ನಿಲ್ಲುವುದಿಲ್ಲ. ನನ್ನ ಹೆಗಲಪಟ್ಟಿಯಲ್ಲಿ ಹಾಸು ಹೆಗಲಿನಿಂದ ಹೆಗಲಿಗೆ ಓಡಬೇಕಿತ್ತು. ನಾರು ಬೇಡ, ಬಟ್ಟೆ ಅಂಗಡಿಯಲ್ಲಿ ಅದು ಸೆಣಬನ್ನು ನೆನಪಿಸುತ್ತದೆ. ಹೊಲಿಗೆ ಬಿಚ್ಚಿ, ಉಳಿದ ತುಂಡುಗಳಿಂದ ಹಾಸು ಅಡ್ಡ ಬರುವಂತೆ ಒಳಪದರ ಕೊಟ್ಟೆ. ಜಗ್ಗುವುದು ನಿಂತಿತು, ಓರೆಪಟ್ಟೆ ಹಾಗೇ ಉಳಿಯಿತು. ಗಿರಾಕಿಯೊಬ್ಬರು ಅದನ್ನೇ ಮೆಚ್ಚಿದರು, ನಾನು ಬಾಯಿ ಬಿಡಲಿಲ್ಲ. ಇನ್ನು ಚೀಟಿಯಲ್ಲಿ ‘ಅಂಚಿಗೆ ಸಮ’, ‘ಅಂಚಿಗೆ ಅಡ್ಡ’, ‘ಓರೆ’ ಎಂದು ಬರೆಯಲೇ?

ಗೋಣಿಕೊಪ್ಪಲಿನಿಂದ:
ತುಂಡು ಬಟ್ಟೆಯಲ್ಲಿ ಅಂಚೇ ಇರುವುದಿಲ್ಲವಲ್ಲ, ಆಗ? ಬಾಣದ ಗುರುತು ಹಾಕಿ, ಪಕ್ಕದಲ್ಲಿ ‘ಹಾಸು’ ಎಂದು ಬರೆಯಿರಿ. ‘ಓರೆ’ ಎಂದರೆ ಮಾತ್ರ ನನ್ನ ಹುಡುಗರು ಕಟಿಂಗ್ ಕೆಟ್ಟಿತೆಂದೇ ತಿಳಿಯುತ್ತಾರೆ. ನಾನಂತೂ ‘ಕ್ರಾಸ್’ ಬಿಡುವುದಿಲ್ಲ.