ಫರ್ನೇಸ್ ಸೋರಿಕೆಯ ಘೋಷಣೆ: ಸದ್ದಿನಲ್ಲಿ ಮುಳುಗಿದ "ಬೇಡಿ"

ಪ್ರಶ್ನೆ: ಫೌಂಡ್ರಿ ಮೇಲ್ವಿಚಾರಕ, ಉದ್ಯಮಬಾಗ, ಬೆಳಗಾವಿ

ನಮ್ಮದು ಕಬ್ಬಿಣದ ಎರಕದ ಕಾರ್ಖಾನೆ. ಇಂಡಕ್ಷನ್ ಫರ್ನೇಸ್ ಸೋರಿದರೆ ಎಲ್ಲರನ್ನೂ ಹೊರಗೆ ಕಳಿಸಲು 40 ಸೆಕೆಂಡಿನ ಒಂದು ಘೋಷಣೆಯನ್ನು ಸ್ಟುಡಿಯೋದಲ್ಲಿ ಮುದ್ರಿಸಿದ್ದೇವೆ. ಅದು ಹೀಗಿದೆ: "ಆತ್ಮೀಯ ಕಾರ್ಮಿಕ ಬಂಧುಗಳ ಗಮನಕ್ಕೆ. ಫರ್ನೇಸಿನಲ್ಲಿ ಸೋರಿಕೆ ಉಂಟಾಗಿರುವುದರಿಂದ ಯಾರೂ ಫರ್ನೇಸ್ ಹತ್ತಿರ ಹೋಗಬೇಡಿ, ನೀರು ಹಾಕಬೇಡಿ, ಗಾಬರಿಯಾಗಬೇಡಿ. ಪೂರ್ವ ದ್ವಾರದ ಮೂಲಕ ಶಿಸ್ತಿನಿಂದ ಹೊರಗೆ ತೆರಳಿ." ಕಚೇರಿಯಲ್ಲಿ ಕೇಳಿದರೆ ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿದೆ. ಕಳೆದ ವಾರ ಯಂತ್ರಗಳು ಓಡುತ್ತಿರುವಾಗಲೇ ಅಣಕು ಕಾರ್ಯಾಚರಣೆ ಮಾಡಿದೆವು. ಹೆಚ್ಚಿನವರು ನಿಂತಲ್ಲೇ ನಿಂತರು. ಇಬ್ಬರು ಫರ್ನೇಸ್ ಕಡೆಗೇ ಓಡಿದರು. ಎರಕವನ್ನು ಅಚ್ಚಿನ ಮರಳಿನಿಂದ ಬಡಿದು ಬಿಡಿಸುವ ನಾಕ್‌ಔಟ್ ಯಂತ್ರದ ಬಳಿ ಮೀಟರ್ 96 ಡೆಸಿಬಲ್ ತೋರಿಸುತ್ತದೆ. 15 ವ್ಯಾಟಿನ ಹಾರ್ನ್ ಒಂದೇ, ಕಚೇರಿಯ ಗೋಡೆಯ ಮೇಲಿದೆ. ಎಲ್ಲಿ ತಪ್ಪಿದೆವು?

ಧ್ವನಿವರ್ಧಕ ಅಂಗಡಿಯವರು, ಖಡೇಬಜಾರ್

ಸರ್, 96 ಡೆಸಿಬಲ್ ಸದ್ದಿನಲ್ಲಿ 15 ವ್ಯಾಟ್ ಎಲ್ಲಿ ಸಾಲುತ್ತದೆ? 30 ವ್ಯಾಟಿನ ಹಾರ್ನ್ ಹಾಕಿಸಿ, ಅದಕ್ಕೆ ತಕ್ಕ ಆಂಪ್ಲಿಫೈಯರ್ ಇಡಿ. ಮದುವೆ, ಜಾತ್ರೆ ಎಲ್ಲದಕ್ಕೂ ನಾನೇ ಕೊಟ್ಟಿದ್ದೇನೆ, ಒಂದು ಮೈಲಿ ದೂರಕ್ಕೆ ಕೇಳಿಸುತ್ತದೆ.

ಧ್ವನಿ ತಂತ್ರಜ್ಞೆ, ಬೆಳಗಾವಿ

ಸದ್ದು ಸಾಲದು ಎಂಬುದು ನಿಜ, ಆದರೆ ವ್ಯಾಟ್ ಹೆಚ್ಚಿಸಿದರೆ ಆಗುವ ಲಾಭ ಬಹಳ ಕಡಿಮೆ. ಶಕ್ತಿ ಇಮ್ಮಡಿಯಾದರೆ ಸಿಗುವುದು 3 ಡೆಸಿಬಲ್ ಮಾತ್ರ. ಸಾಮಾನ್ಯ ಹಾರ್ನ್ 15 ವ್ಯಾಟಿನಲ್ಲಿ ಒಂದು ಮೀಟರ್ ಮುಂದೆ 120 ಡೆಸಿಬಲ್ ಆಸುಪಾಸು ಕೊಡುತ್ತದೆ. ದೂರ ಇಮ್ಮಡಿಯಾದ ಹಾಗೆಲ್ಲ 6 ಡೆಸಿಬಲ್ ಕಳೆಯುತ್ತದೆ. 32 ಮೀಟರ್ ತಲಪುವಷ್ಟರಲ್ಲಿ ಐದು ಸಲ ಇಮ್ಮಡಿ, ಅಂದರೆ 30 ಕಳೆದು ಉಳಿಯುವುದು 90. ನಿಮ್ಮ ನಾಕ್‌ಔಟ್ ಕಚೇರಿಯಿಂದ ಅಷ್ಟು ದೂರವಿದ್ದರೆ ಯಂತ್ರವೇ ಘೋಷಣೆಗಿಂತ 6 ಡೆಸಿಬಲ್ ಜೋರಾಗಿದೆ. 30 ವ್ಯಾಟ್ ಹಾಕಿದರೂ 93, ಯಂತ್ರವೇ ಗೆಲ್ಲುತ್ತದೆ. ಅದೇ 15 ವ್ಯಾಟಿನ ಹಾರ್ನ್ ಕೆಲಸಗಾರನಿಂದ ನಾಲ್ಕು ಮೀಟರ್ ದೂರದ ಕಂಬದಲ್ಲಿದ್ದರೆ 108 ಡೆಸಿಬಲ್ ತಲಪುತ್ತದೆ. ಅಪಾಯದ ಸಂಕೇತ ಸುತ್ತಲಿನ ಸದ್ದಿಗಿಂತ ಸುಮಾರು 15 ಡೆಸಿಬಲ್ ಮೇಲಿರಬೇಕು ಎಂಬ ಅಳತೆಗೆ ಇದು ಹತ್ತಿರ. ಆದ್ದರಿಂದ ಒಂದು ದೊಡ್ಡ ಹಾರ್ನ್ ಬಿಟ್ಟು, ಕಂಬಕಂಬಕ್ಕೆ ಚಿಕ್ಕವನ್ನು ಹಾಕಿಸಿ. ತಗಡಿನ ಛಾವಣಿಯ ಶೆಡ್ಡಿನಲ್ಲಿ ದೂರದವರಿಗೂ ಈ ಲೆಕ್ಕಕ್ಕಿಂತ ಹೆಚ್ಚು ಸದ್ದು ಸಿಗಬಹುದು, ಆದರೆ ಆ ಹೆಚ್ಚಿನದು ಪ್ರತಿಧ್ವನಿ. ಅದು ಮಾತನ್ನು ಕಲಕುತ್ತದೆಯೇ ಹೊರತು ತಿಳಿಸುವುದಿಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು ಆ ಇಬ್ಬರು ಓಡಿದ ದಿಕ್ಕು. ಅವರದು ತಪ್ಪಲ್ಲ, ಕೇಳಿಸಿದ್ದನ್ನೇ ಅವರು ಮಾಡಿದ್ದಾರೆ. ನಿಮ್ಮ ವಾಕ್ಯವನ್ನು ಒಮ್ಮೆ ಜೋರಾಗಿ ಓದಿ ನೋಡಿ. "ಫರ್ನೇಸ್ ಹತ್ತಿರ ಹೋಗಬೇಡಿ" ಎಂಬುದರಲ್ಲಿ ಅರ್ಥವನ್ನು ತಿರುಗಿಸುವ "ಬೇಡಿ" ಕೊನೆಯಲ್ಲಿದೆ. ನಾವು ಮಾತನಾಡುವಾಗ ವಾಕ್ಯದ ಕೊನೆಗೆ ಉಸಿರು ಇಳಿಯುತ್ತದೆ, ದನಿಯೂ ಇಳಿಯುತ್ತದೆ. ಇಳಿದ ಆ ಎರಡು ಅಕ್ಷರಗಳನ್ನು ನಾಕ್‌ಔಟಿನ ಒಂದು ಬಡಿತ ನುಂಗಿದರೆ ಉಳಿಯುವುದು "ಫರ್ನೇಸ್ ಹತ್ತಿರ ಹೋಗ…". "ನೀರು ಹಾಕಬೇಡಿ" ಎಂಬುದು ಇದಕ್ಕಿಂತ ಘೋರ. ಕರಗಿದ ಕಬ್ಬಿಣದ ಅಡಿಯಲ್ಲಿ ಸಿಕ್ಕ ನೀರು ಕ್ಷಣದಲ್ಲಿ ಆವಿಯಾಗಿ ಸಾವಿರದ ಆರುನೂರು ಪಟ್ಟು ಹಿಗ್ಗುತ್ತದೆ, ಲೋಹವನ್ನು ಛಾವಣಿಗೆ ಎಸೆಯುತ್ತದೆ. ಆ ಗಳಿಗೆಯಲ್ಲಿ ಶೆಡ್ಡಿನೊಳಗೆ "ನೀರು ಹಾಕ…" ಎಂಬ ಮಾತು ಯಾರ ಕಿವಿಗೂ ಬೀಳಬಾರದು. ನೀರಿನ ವಿಷಯವನ್ನು ತರಬೇತಿಯಲ್ಲಿ, ಫಲಕದಲ್ಲಿ, ಪಾಳಿ ಆರಂಭದ ಮಾತಿನಲ್ಲಿ ಹತ್ತು ಸಲ ಹೇಳಿ. ಘೋಷಣೆಯಲ್ಲಿ ಒಂದು ಸಲವೂ ಬೇಡ.

ಘೋಷಣೆಯಲ್ಲಿ ಉಳಿಯಬೇಕಾದದ್ದು ಮಾಡಬೇಕಾದ ಒಂದೇ ಕೆಲಸ ಮತ್ತು ಅದನ್ನು ಮಾಡುವ ಜಾಗ. ಕಾರಣ ಬೇಕಿಲ್ಲ, ಆತ್ಮೀಯತೆಯೂ ಬೇಕಿಲ್ಲ. ಅಂದಹಾಗೆ, ನಿಮ್ಮ ಕೆಲಸಗಾರರು ಆ ಬಾಗಿಲನ್ನು "ಪೂರ್ವ ದ್ವಾರ" ಎನ್ನುತ್ತಾರೆಯೇ?

ಪ್ರಶ್ನೆ ಕೇಳಿದವರು

ಇಲ್ಲ ಮೇಡಂ. ಲಾರಿ ತೂಗುವ ಕಾಟಾ ಅಲ್ಲಿರುವುದರಿಂದ ಎಲ್ಲರೂ "ಕಾಟಾ ಗೇಟ್" ಎನ್ನುತ್ತಾರೆ. ಇನ್ನೊಂದು ಬಾಗಿಲಿಗೆ ಫರ್ನೇಸ್ ಮುಂದೆಯೇ ಹೋಗಬೇಕು, ಅದಕ್ಕೇ ಇದನ್ನು ಹೇಳಿದ್ದೆವು. ಇನ್ನೊಂದು ತೊಡಕು: ನಮ್ಮಲ್ಲಿ ಅರ್ಧ ಜನ ಮನೆಯಲ್ಲಿ ಮರಾಠಿ ಆಡುವವರು, ಎರಕವನ್ನು ಉಜ್ಜಿ ನಯಗೊಳಿಸುವ ಫೆಟ್ಲಿಂಗ್ ವಿಭಾಗದಲ್ಲಿ ಬಿಹಾರದ ಹುಡುಗರು. ಮೂರು ಭಾಷೆಯಲ್ಲಿ ಹೇಳಿದರೆ ಎರಡು ನಿಮಿಷವಾಗುತ್ತದೆ.

ಸುರಕ್ಷತಾ ಸಮಿತಿ ಸದಸ್ಯ, ಸಕ್ಕರೆ ಕಾರ್ಖಾನೆ, ಮುಧೋಳ ತಾಲ್ಲೂಕು

ನಮ್ಮಲ್ಲಿ ಹೆಲ್ಮೆಟ್ ಧರಿಸಿ, ಕೈಗವಸು ಹಾಕಿ, ಜಾಗರೂಕರಾಗಿರಿ ಎಂದು ಅರ್ಧ ಗಂಟೆಗೊಮ್ಮೆ ಧ್ವನಿವರ್ಧಕದಲ್ಲಿ ಬರುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಮಿಲ್ ಹೌಸಿನ ಸದ್ದು ನಿಮ್ಮದಕ್ಕಿಂತ ಕಡಿಮೆಯೇನಲ್ಲ. ಮತ್ತೆ ಮತ್ತೆ ಹೇಳಿದರೆ ತಲೆಯಲ್ಲಿ ಕೂರುತ್ತದೆ. ನೀವೂ ಹಾಗೆಯೇ ದಿನವಿಡೀ ಹಾಕಿ.

ಧ್ವನಿ ತಂತ್ರಜ್ಞೆ, ಬೆಳಗಾವಿ

ಅಣ್ಣಾ, ನೀವು ಹೇಳುತ್ತಿರುವುದು ಅರಿವು ಮೂಡಿಸುವ ಮಾತು, ಇವರಿಗೆ ಬೇಕಿರುವುದು ಓಡಿಸುವ ಮಾತು. ಎರಡೂ ಒಂದೇ ಹಾರ್ನಿನಲ್ಲಿ ಬಂದರೆ ಕಷ್ಟ. ಅರ್ಧ ಗಂಟೆಗೊಮ್ಮೆ ಕೇಳಿಸುವ ದನಿಗೆ ಒಂದೇ ತಿಂಗಳಲ್ಲಿ ಕಿವಿ ಒಗ್ಗಿಹೋಗುತ್ತದೆ, ಆಮೇಲೆ ಅದು ಫ್ಯಾನಿನ ಸದ್ದಿನ ಹಾಗೆ. ಅಪಾಯದ ಘೋಷಣೆಯ ದನಿಯೂ ಅದರ ಮುಂಚಿನ ಸೈರನ್ನೂ ಬೇರೆ ಯಾವುದಕ್ಕೂ ಬಳಕೆಯಾಗಬಾರದು, ಪಾಳಿ ಬದಲಾವಣೆಗೂ ಕೂಡದು.

ಬೆಳಗಾವಿಯವರಿಗೆ: "ಕಾಟಾ ಗೇಟ್" ನಿಮಗೆ ಸಿಕ್ಕಿರುವ ಚಿನ್ನ. ಕಾಟಾ ಎಂದರೆ ಏನೆಂದು ಕನ್ನಡದವರಿಗೂ ಮರಾಠಿಯವರಿಗೂ ಗೊತ್ತು, ಬಿಹಾರದ ಹುಡುಗರೂ ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿತಿರುತ್ತಾರೆ. ಕ, ಟ, ಗ ಮೂರೂ ಸಿಡಿಯುವ ವ್ಯಂಜನಗಳು, ಅವುಗಳ ನಡುವೆ ಉದ್ದವಾದ "ಆ" ಇದೆ. ಸದ್ದಿನಲ್ಲಿ ಇಂಥ ಪದ ಎದ್ದು ನಿಲ್ಲುತ್ತದೆ. "ಶಿಸ್ತಿನಿಂದ ತೆರಳಿ" ಎಂಬುದರ ಸಕಾರಗಳು ಗ್ರೈಂಡರಿನ ಸುಯ್ಯೆನ್ನುವ ಸದ್ದಿನಲ್ಲಿ ಸೇರಿ ಹೋಗುತ್ತವೆ. ಹೊರಗೆ ಎಂಬುದಕ್ಕೆ ಮರಾಠಿಯಲ್ಲಿ "ಬಾಹೇರ್", ಹಿಂದಿಯಲ್ಲಿ "ಬಾಹರ್". ಎರಡಕ್ಕೂ ಒಂದೇ ಸಾಲು ಸಾಕು. ಒಟ್ಟು ಘೋಷಣೆ ಇಷ್ಟೇ:

ಸೈರನ್ ಎರಡು ಸೆಕೆಂಡು. ಒಂದು ಸೆಕೆಂಡು ಮೌನ. "ಹೊರಗೆ ಬನ್ನಿ! ಕಾಟಾ ಗೇಟ್!" ಒಂದು ಸೆಕೆಂಡು ಮೌನ. "ಬಾಹರ್ ಚಲೋ! ಕಾಟಾ ಗೇಟ್!" ಒಂದು ಸೆಕೆಂಡು ಮೌನ. ಮತ್ತೆ ಮೊದಲಿನಿಂದ, ಯಾರಾದರೂ ಕೈಯಾರೆ ನಿಲ್ಲಿಸುವ ತನಕ.

ಒಂದು ಸುತ್ತು ಹತ್ತು ಸೆಕೆಂಡಿನ ಒಳಗೆ ಮುಗಿಯುತ್ತದೆ. ಒಂದು ಸುತ್ತಿನಲ್ಲಿ "ಕಾಟಾ" ಬಡಿತಕ್ಕೆ ಸಿಕ್ಕಿ ಅಳಿಸಿ ಹೋದರೂ ಮುಂದಿನ ಸಾಲಿನಲ್ಲಿ ಕೇಳಿಸುತ್ತದೆ. ಆ ಮೌನಗಳನ್ನು ಮಾತ್ರ ಉಳಿಸಿಕೊಳ್ಳಿ. ಹಿಂದಿನ ಮಾತಿನ ಪ್ರತಿಧ್ವನಿ ತಗಡಿನಲ್ಲಿ ಅಡಗುವ ಮುನ್ನ ಮುಂದಿನದು ಬಂದರೆ ಎರಡೂ ಕೆಡುತ್ತವೆ.

ಧ್ವನಿಮುದ್ರಣದ ಬಗ್ಗೆ ಒಂದು ಮಾತು. ಸ್ಟುಡಿಯೋದ ನಿಶ್ಶಬ್ದದಲ್ಲಿ ಯಾರಾದರೂ ಮೃದುವಾಗಿಯೇ ಮಾತನಾಡುತ್ತಾರೆ, ಅದು ಸಹಜ. ಮಾತನಾಡುವವರ ಕಿವಿಗೆ ಹೆಡ್‌ಫೋನ್ ಹಾಕಿ, ನಿಮ್ಮ ಶೆಡ್ಡಿನಲ್ಲೇ ಮುದ್ರಿಸಿದ ಸದ್ದನ್ನು ಕಿವಿಗೆ ಹಾನಿಯಾಗದ ಮಟ್ಟದಲ್ಲಿ ಕೇಳಿಸಿ, ಆಮೇಲೆ ಹೇಳಿಸಿ. ಯಾರೂ ಹೇಳಿಕೊಡದೆಯೇ ಅವರ ದನಿ ಏರುತ್ತದೆ, ಸ್ವರಗಳು ಉದ್ದವಾಗುತ್ತವೆ, ಮಾತು ನಿಧಾನವಾಗುತ್ತದೆ. ಸಂತೆಯಲ್ಲಿ ನಾವೆಲ್ಲ ಹಾಗೆಯೇ ಮಾತನಾಡುವುದು. ಆದರೆ ಕಿರುಚಿಸಬೇಡಿ. ಕಿರುಚಿದಾಗ ಸ್ವರ ಮಾತ್ರ ಬೆಳೆಯುತ್ತದೆ, ವ್ಯಂಜನ ಒಡೆಯುತ್ತದೆ. ಮುದ್ರಿಸಿದ ಮೇಲೆ 300 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, 2,000ದಿಂದ 4,000 ಹರ್ಟ್ಸ್ ನಡುವಿನದನ್ನು ಸ್ವಲ್ಪ ಎತ್ತಿ. ಹಾರ್ನಿಗೆ ಕೆಳಗಿನದು ದಕ್ಕುವುದೂ ಇಲ್ಲ, ವ್ಯಂಜನಗಳ ಗುರುತು ಇರುವುದು ಮೇಲಿನದರಲ್ಲಿ. ಗಂಡು ದನಿಯೋ ಹೆಣ್ಣು ದನಿಯೋ ಎಂಬ ಚರ್ಚೆಗೆ ಸಮಯ ಕಳೆಯಬೇಡಿ, ಉಚ್ಚಾರ ಸ್ಪಷ್ಟವಿದ್ದರೆ ಸಾಕು.

ನಿವೃತ್ತ ಮೋಲ್ಡರ್, ಅನಗೋಳ

ನಾನು 27 ವರ್ಷ ಫೌಂಡ್ರಿಯಲ್ಲಿ ದುಡಿದವನು. ಕಿವಿಗೆ ಪ್ಲಗ್ ಹಾಕಿಕೊಂಡರೆ ಇಂಥ ಘೋಷಣೆ ಹೇಗೆ ಕೇಳಿಸುತ್ತದೆ? ಮೊದಲು ಪ್ಲಗ್ ತೆಗೆಸಿ. ನನಗೆ ಈಗ ಮೊಮ್ಮಗಳು "ತಾತ, ಚಹಾ" ಎಂದರೆ "ತಾತ, ಆಹಾ" ಎಂದು ಕೇಳಿಸುತ್ತದೆ.

ಧ್ವನಿ ತಂತ್ರಜ್ಞೆ, ಬೆಳಗಾವಿ

ಕಾಕಾ, ಪ್ಲಗ್ ಯಂತ್ರದ ಸದ್ದನ್ನೂ ಘೋಷಣೆಯನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ, ಎರಡರ ಅಂತರ ಉಳಿಯುತ್ತದೆ. ಕಿವಿ ಚೆನ್ನಾಗಿದ್ದವರಿಗೆ ಅಷ್ಟು ದೊಡ್ಡ ಸದ್ದಿನಲ್ಲಿ ಪ್ಲಗ್ ಹಾಕಿದಾಗಲೇ ಮಾತು ಚೆನ್ನಾಗಿ ತಿಳಿಯುವುದೂ ಉಂಟು. ಅದನ್ನು ತೆಗೆಸಿದರೆ ಇಂದಿನ ಹುಡುಗರಿಗೂ ನಿಮ್ಮ ಗತಿಯೇ. ಆದರೆ ನೀವು ನಿಮ್ಮ ಬಗ್ಗೆ ಹೇಳಿದ್ದು ನನ್ನ ಲೆಕ್ಕದಲ್ಲಿದ್ದ ತೂತನ್ನು ತೋರಿಸಿತು. ಸದ್ದಿನಿಂದ ಕೆಟ್ಟ ಕಿವಿ ಮೊದಲು ಕಳೆದುಕೊಳ್ಳುವುದೇ 4,000 ಹರ್ಟ್ಸ್ ಸುತ್ತಲಿನದನ್ನು. ನಾನು ಎತ್ತಿ ಎಂದ ಭಾಗದ ಅರ್ಧ ನಿಮ್ಮಂಥ ಹಿರಿಯರಿಗೆ ತಲಪುವುದೇ ಇಲ್ಲ. ಬೆಳಗಾವಿಯವರೇ, 2,000ದ ಕಡೆಗೆ ಒತ್ತು ಕೊಡಿ, ಪ್ರತಿ ಹಾರ್ನಿನ ಜೊತೆಗೆ ಮಿನುಗುವ ಕೆಂಪು ದೀಪವನ್ನೂ ಹಾಕಿ.

ನಿರ್ವಹಣಾ ಎಂಜಿನಿಯರ್, ವಿಜಯಪುರ

ಅಕ್ಕಾ, ಸದ್ದನ್ನೇ ನಿಲ್ಲಿಸಬಹುದಲ್ಲ? ನಮ್ಮಲ್ಲಿ ಸೈರನ್ ಒತ್ತಿದ ಕೂಡಲೇ ರಿಲೇ ಮೂಲಕ ಕಂಪಿಸುವ ಯಂತ್ರಗಳೆಲ್ಲ ತಾವಾಗಿ ನಿಲ್ಲುತ್ತವೆ. ಆಮೇಲೆ ಚಿಕ್ಕ ಹಾರ್ನ್ ಸಾಕು. ಎಲ್ಲ ವಿದ್ಯುತ್ತನ್ನೂ ಒಂದೇ ಗುಂಡಿಗೆ ಕಟ್ಟಿಬಿಡಿ.

ಧ್ವನಿ ತಂತ್ರಜ್ಞೆ, ಬೆಳಗಾವಿ

ನಾಕ್‌ಔಟ್ ನಿಲ್ಲಿಸುವುದು ಒಳ್ಳೆಯ ಉಪಾಯ, ಮೊದಲೇ ಹೇಳಬೇಕಿತ್ತು. ಆದರೆ "ಎಲ್ಲ ವಿದ್ಯುತ್" ಅಲ್ಲ. ಕ್ರೇನಿನಲ್ಲಿ ಕರಗಿದ ಲೋಹ ತುಂಬಿದ ಲ್ಯಾಡಲ್ ತೂಗುತ್ತಿದ್ದರೆ ಅದನ್ನು ಜನರ ನೆತ್ತಿಯ ಮೇಲೆ ನಿಲ್ಲಿಸಿದಂತಾಗುತ್ತದೆ. ಫರ್ನೇಸಿನ ವಿದ್ಯುತ್ ಕಾಯಿಲ್‌ಗೆ ತಂಪುನೀರು ಹರಿಸುವ ಪಂಪನ್ನು ಏನು ಮಾಡಬೇಕೆಂಬುದನ್ನು ಫರ್ನೇಸ್ ತಯಾರಕರನ್ನು ಕೇಳದೆ ಮುಟ್ಟಬಾರದು. ಅದು ನನ್ನ ವಿದ್ಯೆಯಲ್ಲ.

ಪ್ರಶ್ನೆ ಕೇಳಿದವರು

ಭಾನುವಾರ ಹೊಸದನ್ನು ಮುದ್ರಿಸಿ, ನಿನ್ನೆ ರಾತ್ರಿ ಪಾಳಿಯಲ್ಲಿ ಪರೀಕ್ಷಿಸಿದೆವು. ನಾಲ್ಕು ಹಾರ್ನ್‌ಗಳನ್ನು ತಾತ್ಕಾಲಿಕವಾಗಿ ಕಂಬಕ್ಕೆ ಕಟ್ಟಿದ್ದೆವು. ಏನು ಬರುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ. ಊಹಿಸಲಾಗದಿರಲಿ ಎಂದು ನಡುವೆ ಸಂಬಂಧವಿಲ್ಲದ ಎರಡು ಸಾಲುಗಳನ್ನೂ ಬಿಟ್ಟೆವು. ಹನ್ನೆರಡು ಜಾಗಗಳಲ್ಲಿ ಹಾರ್ನಿಗೆ ಬೆನ್ನು ಮಾಡಿ ನಿಂತವರು ಕೇಳಿಸಿದ್ದನ್ನು ಚೀಟಿಯಲ್ಲಿ ಬರೆದರು, ಬರೆಯಲು ಬಾರದವರು ಬಂದು ಹೇಳಿದರು. ಹತ್ತು ಜಾಗಗಳಲ್ಲಿ "ಕಾಟಾ ಗೇಟ್" ಸರಿಯಾಗಿ ಬಂತು. ಫೆಟ್ಲಿಂಗ್‌ನಲ್ಲಿ ಮುಖಕವಚ ಹಾಕಿ ಗ್ರೈಂಡರ್ ಹಿಡಿದ ಇಬ್ಬರಿಗೆ ಏನೂ ಕೇಳಿಸಲಿಲ್ಲ. ಅಲ್ಲಿಗೆ ದೀಪ ಬರುವ ತನಕ ಅವರ ಭುಜ ತಟ್ಟಿ ಕರೆತರುವ ಹೊಣೆಯನ್ನು ಪ್ರತಿ ಪಾಳಿಯಲ್ಲೂ ಒಬ್ಬರಿಗೆ ಒಪ್ಪಿಸಿದ್ದೇವೆ.

ಒಂದು ಮಾತ್ರ ತೀರ್ಮಾನವಾಗಿಲ್ಲ. "ಬನ್ನಿ" ಎಂಬುದು ಮೂವರಿಗೆ ಬರೀ ಗುಂಯ್ ಎಂದು ಕೇಳಿಸಿತಂತೆ. ನಮ್ಮ ಕಡೆಯವರ "ಬರ್ರಿ" ಎಂಬ ಮಾತಿನ ರಕಾರ ಹೆಚ್ಚು ಚೆನ್ನಾಗಿ ಕತ್ತರಿಸುತ್ತದೆ ಎಂದು ಮೋಲ್ಡಿಂಗ್ ವಿಭಾಗದವರ ವಾದ. ಕಚೇರಿಯವರಿಗೆ ಅದು ಒಪ್ಪಿಗೆಯಿಲ್ಲ. ಮುಂದಿನ ಬುಧವಾರ ಎರಡನ್ನೂ ಅದೇ ಹನ್ನೆರಡು ಜಾಗಗಳಲ್ಲಿ ಕೇಳಿಸಿ, ಚೀಟಿ ಎಣಿಸುತ್ತೇವೆ.