ಗೆಸ್ಟ್ ಹೋದ ಮೇಲೆ ಟಿವಿ ಒಡೆದಿರುವುದು ಕಂಡಿತು, ದುಡ್ಡು ಹೇಗೆ ಕೇಳೋದು?

ಪ್ರಶ್ನೆ (ಜಯನಗರ, ಸರ್ವೀಸ್ ಅಪಾರ್ಟ್‌ಮೆಂಟ್): ಬೆಳಿಗ್ಗೆ ಗೆಸ್ಟ್ ಖಾಲಿ ಮಾಡಿದರು. ಕ್ಲೀನಿಂಗ್‌ಗೆ ಹೋದ ಹುಡುಗ ಟಿವಿ ಸ್ಕ್ರೀನ್ ಒಡೆದಿದೆ ಅಂದ. 5,000 ಅಡ್ವಾನ್ಸ್ ನನ್ನ ಹತ್ತಿರ ಇದೆ. ಜಗಳ ಆಗದ ಹಾಗೆ ಏನಂತ ಬರೆಯಲಿ?

ಮೆಜೆಸ್ಟಿಕ್, ಲಾಡ್ಜ್ ಮಾಲೀಕರು: ಚೆಕ್-ಇನ್ ಫಾರ್ಮಲ್ಲಿ ಸಹಿ ಇದೆ ತಾನೇ? ಹೊಸ ಟಿವಿ ರೇಟ್ ಹಾಕಿ, ಅಡ್ವಾನ್ಸ್ ಮುರ್ಕೊಳ್ಳಿ, ಉಳಿದದ್ದು ಕೇಳಿ.

ಹೋಟೆಲ್ ಫ್ರಂಟ್ ಆಫೀಸ್ ಮ್ಯಾನೇಜರ್: ಸಹಿ ಬೇಕು ನಿಜ, ಆದರೆ ಅವರೇ ಒಡೆದರು ಅಂತ ಅದು ಹೇಳಲ್ಲ. ಮೊದಲು ಟಿವಿ ಆಫ್ ಮಾಡಿ, ಮೊಬೈಲ್ ಟಾರ್ಚ್ ಓರೆಯಾಗಿ ಬಿಡಿ. ಏಟು ಬಿದ್ದಿದ್ದರೆ ಸಾಮಾನ್ಯವಾಗಿ ಒಂದು ಚುಕ್ಕೆಯಿಂದ ಬಿರುಕು ಸುತ್ತಲೂ ಹರಡಿರುತ್ತೆ. ಮೇಲ್ಮೈ ನುಣ್ಣಗಿದ್ದು, ಆನ್ ಮಾಡಿದಾಗ ಮಾತ್ರ ಉದ್ದ ಗೆರೆ ಬರುತ್ತಿದ್ದರೆ ಪ್ಯಾನಲ್ ತಾನಾಗೇ ಹೋಗಿರಬಹುದು, ಆಗ ಗೆಸ್ಟ್ ಹತ್ತಿರ ಬಿಡಿಗಾಸೂ ಕೇಳಬೇಡಿ. ಏಟೇ ಅಂತಾದರೆ ಇಡೀ ಗೋಡೆ ಕಾಣುವ ಒಂದು ಫೋಟೊ, ಬಿರುಕಿನ ಹತ್ತಿರದ್ದು ಒಂದು ತೆಗೆಯಿರಿ. ಇವರು ಬರುವ ಮೊದಲು ತೆಗೆದ ಫೋಟೊ ಇದೆಯಾ? ಅದಿಲ್ಲದಿದ್ದರೆ ನಿಮ್ಮ ಮಾತು ಅರ್ಧ ಬಿದ್ದುಹೋಯಿತು. ಟಿವಿ ಎಷ್ಟು ಹಳೇದು, ರಿಪೇರಿ ಎಷ್ಟು?

ಪ್ರಶ್ನೆ ಕೇಳಿದವರು: ಅವರು ಬರುವ ಹಿಂದಿನ ದಿನ ತೆಗೆದ ಫೋಟೊ ಇದೆ. ಬಿರುಕು ಒಂದೇ ಚುಕ್ಕೆಯಿಂದ ಹೊರಟಿದೆ. 24,000ದ್ದು, 2 ವರ್ಷ ಆಯಿತು. ಪ್ಯಾನಲ್‌ಗೆ 17,500 ಅಂತ ಕೊಟೇಶನ್ ಕೊಟ್ಟರು.

ಮ್ಯಾನೇಜರ್: ನಾನಾದರೆ 6 ವರ್ಷ ಬಾಳಿಕೆ ಅಂತ ಹಿಡಿಯುತ್ತೇನೆ. 2 ವರ್ಷ ನೀವೇ ಬಳಸಿದ್ದೀರಿ, ಉಳಿದ ಬೆಲೆ 16,000. ರಿಪೇರಿ ಅದಕ್ಕಿಂತ ಜಾಸ್ತಿ ಇರುವುದರಿಂದ 16,000 ಕೇಳಿ, ಅದಕ್ಕಿಂತ ಮೇಲೆ ಬೇಡ. ಹೀಗೆ ಬರೆಯಿರಿ:

"ನಮಸ್ಕಾರ ಸರ್. ಇವತ್ತು 11:40ಕ್ಕೆ ರೂಮ್ ಕ್ಲೀನ್ ಮಾಡುವಾಗ ಟಿವಿ ಸ್ಕ್ರೀನ್ ಬಿರುಕು ಬಿಟ್ಟಿರುವುದು ಕಂಡಿತು. ನೀವು ಬರುವ ಮುಂಚಿನ ಮತ್ತು ಈಗಿನ ಫೋಟೊ, ಟಿವಿ ಬಿಲ್, ರಿಪೇರಿ ಕೊಟೇಶನ್ ಕಳಿಸಿದ್ದೇನೆ. ಏನಾಯಿತು ಅಂತ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬಳಸಿದ 2 ವರ್ಷ ಕಳೆದು 16,000 ಆಗುತ್ತದೆ. ನಿಮ್ಮ ಉತ್ತರ ಬರುವವರೆಗೆ ಅಡ್ವಾನ್ಸ್‌ನಿಂದ ಏನೂ ಮುರಿಯುವುದಿಲ್ಲ. ಶುಕ್ರವಾರದೊಳಗೆ ಹೇಳಿದರೆ ಸಾಕು. ನೀವೇ ಬಂದು ನೋಡಬಹುದು."

'ನೀವು ಒಡೆದಿದ್ದೀರಿ' ಅನ್ನೋ ಮಾತು ಎಲ್ಲೂ ಇಲ್ಲ, ಗಮನಿಸಿ. ಸೋಫಾ ಮೇಲೆ ಹತ್ತಿದ ಮಗುವಿನ ಕೈಲಿದ್ದ ರಿಮೋಟ್ ತಗುಲಿರಬಹುದು, ಅಪ್ಪ-ಅಮ್ಮನಿಗೆ ಗೊತ್ತೇ ಇರಲ್ಲ. ಕೇಳಿದರೆ ಹೇಳುತ್ತಾರೆ, ಕಳ್ಳನ ಹಾಗೆ ನೋಡಿದರೆ ಫೋನೇ ಎತ್ತಲ್ಲ.

ಮಲ್ಲೇಶ್ವರ, ಹೋಮ್‌ಸ್ಟೇ: ನಮ್ಮಲ್ಲಿ ಹೇರ್ ಡೈ ಮಾಡ್ಕೊಂಡು ಮೂರು ಟವೆಲ್ ಹಾಳು ಮಾಡಿದ್ರು, ಇದೇ ತರ ಕೇಳಬಹುದಾ?

ಮ್ಯಾನೇಜರ್: ಟವೆಲ್‌ಗೆ ಇಷ್ಟೆಲ್ಲ ಯಾಕೆ ಮೇಡಂ, ಸುಮ್ನೆ ಒರೆಸೋ ಬಟ್ಟೆ ಮಾಡ್ಕೊಳ್ಳಿ.

ಪ್ರಶ್ನೆ ಕೇಳಿದವರು: ಪ್ಯಾನಲ್ ಬರೋವರೆಗೆ ರೂಮ್ ಖಾಲಿ ಬಿದ್ದಿದೆ. ಅದರ ಬಾಡಿಗೆ?

ಮ್ಯಾನೇಜರ್: ನಾನು ಕೇಳಲ್ಲ. ಟಿವಿ ಇಲ್ಲ ಅಂತ ಮೊದಲೇ ಹೇಳಿ ಸ್ವಲ್ಪ ಕಮ್ಮಿಗೆ ಕೊಡಬಹುದು ಅಲ್ವಾ?

ಲಾಡ್ಜ್ ಮಾಲೀಕರು: ಬುಕಿಂಗ್ ಕ್ಯಾನ್ಸಲ್ ಆಗಿದ್ದಕ್ಕೆ ಮೆಸೇಜ್ ಇದ್ದರೆ ನಾನಂತೂ ಕೇಳ್ತೀನಿ ಸ್ವಾಮಿ.